ತುಪ್ಪ, ಜೇನು ಅಳೆಯುವಾಗ ತಕ್ಕಡಿ ಮೇಲೆ ಏನಿಡಬೇಕು: ಪಾತ್ರೆಯನ್ನೋ, ಡಬ್ಬಿಯನ್ನೋ?

ಒಂದು ಚಮಚ ಜೇನನ್ನು ಪಾತ್ರೆಗೆ ಬಗ್ಗಿಸಿ ನೋಡಿ. ಮೊದಲು ದಪ್ಪ ಎಳೆಯಾಗಿ ಇಳಿಯುತ್ತದೆ. ಆಮೇಲೆ ಎಳೆ ತೆಳುವಾಗುತ್ತದೆ. ಕೊನೆಗೆ ಚಮಚದ ತುದಿಯಲ್ಲಿ ಒಂದು ಹನಿ ನೇತಾಡಿಕೊಂಡು ನಿಂತುಬಿಡುತ್ತದೆ. ಆ ಹೊತ್ತಿಗೆ ಚಮಚದ ಒಳಗೆ ಇನ್ನೂ ಎಷ್ಟು ಉಳಿದಿರುತ್ತದೆ? ನಾನು ತೂಗಿ ನೋಡಿದೆ. 15 ಮಿಲಿ ಹಿಡಿಯುವ ಅಳತೆ ಚಮಚದಲ್ಲಿ 21 ಗ್ರಾಂ ಜೇನು ಇತ್ತು. ಬಗ್ಗಿಸಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದ ಮೇಲೂ 4 ಗ್ರಾಂ ಅಲ್ಲೇ ಅಂಟಿಕೊಂಡಿತ್ತು. ಅಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಪಾತ್ರೆಗೆ ಹೋಗಲೇ ಇಲ್ಲ. ಬೆರಳಲ್ಲಿ ಬಳಿದರೆ ಬರುತ್ತದೆ ನಿಜ. ಆದರೆ ಒಂದು ದಿನ ಬಳಿಯುತ್ತೇವೆ, ಇನ್ನೊಂದು ದಿನ ಆತುರದಲ್ಲಿ ಹಾಗೇ ಸಿಂಕಿಗೆ ಹಾಕುತ್ತೇವೆ, ಅಲ್ವಾ? ಒಂದೇ ಅಡುಗೆ ಒಂದೊಂದು ಸಲ ಒಂದೊಂದು ಥರ ಬರುವುದಕ್ಕೆ ಇದೂ ಒಂದು ಕಾರಣ.

ತುಪ್ಪದ ಕಥೆ ಬೇರೆ. ಕರಗಿದ ತುಪ್ಪ ಚೆನ್ನಾಗಿ ಇಳಿಯುತ್ತದೆ. ಚಮಚಕ್ಕೆ ತೆಳ್ಳಗೆ ಮೆತ್ತಿಕೊಳ್ಳುವುದು ಅಷ್ಟೇನೂ ದೊಡ್ಡ ಲೆಕ್ಕವಲ್ಲ. ತೊಂದರೆ ಇರುವುದು ಗಟ್ಟಿ ತುಪ್ಪದಲ್ಲಿ. ಹರಳು ಹರಳಾಗಿ ಕೂತ ತುಪ್ಪವನ್ನು ಲೋಟಕ್ಕೆ ತುಂಬಿದರೆ ಮಧ್ಯೆ ಮಧ್ಯೆ ಗಾಳಿ ಉಳಿಯುತ್ತದೆ. ಒತ್ತಿ ತುಂಬಿದರೆ ಒಂದು ಅಳತೆ, ಸುಮ್ನೆ ತುಂಬಿದರೆ ಇನ್ನೊಂದು ಅಳತೆ. ಚಮಚದಲ್ಲಿ ಗೋಪುರದ ಹಾಗೆ ಬಂದರೆ ಮತ್ತೊಂದು. ತೂಕಕ್ಕೆ ಮಾತ್ರ ಈ ಗೊಂದಲವಿಲ್ಲ. 200 ಗ್ರಾಂ ಗಟ್ಟಿ ತುಪ್ಪ ಕರಗಿದರೂ 200 ಗ್ರಾಂ ತುಪ್ಪವೇ.

ಹಾಗಾಗಿ ತೂಕ ಮಾಡುವುದೇ ಸರಿ ಎಂದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಹೇಗೆ ತೂಗಬೇಕು ಅನ್ನುವುದು. ಮೊದಲು ಒಂದು ಬಟ್ಟಲಿಗೆ ತೂಗಿ, ಅಲ್ಲಿಂದ ಪಾತ್ರೆಗೆ ಸುರಿದರೆ ಚಮಚಕ್ಕೆ ಅಂಟುವುದು ಈಗ ಬಟ್ಟಲಿಗೆ ಅಂಟುತ್ತದೆ. ತೂಗಿದ ಶ್ರಮವೆಲ್ಲ ಅಲ್ಲೇ ಹೋಯಿತು. ನೇರವಾಗಿ ಅಡುಗೆ ಪಾತ್ರೆಗೇ ತೂಗಬೇಕು. ಅದಕ್ಕೆ ಎರಡು ದಾರಿ ಇವೆ. ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಒಳಗೆ ಹೋದದ್ದನ್ನು ತೂಗುವುದು ಒಂದು. ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಹೊರಗೆ ಹೋದದ್ದನ್ನು ತೂಗುವುದು ಇನ್ನೊಂದು. ಮೂರನೆಯದು ನಮ್ಮ ಹಳೆಯ ಚಮಚ, ಲೋಟ. ಅದಕ್ಕೂ ಅದರದೇ ಜಾಗ ಇದೆ.

ಯಾವಾಗ ಯಾವುದು ಅನ್ನುವುದನ್ನು ನಾನು ಒಂದೇ ಪ್ರಶ್ನೆಯಲ್ಲಿ ತೀರ್ಮಾನಿಸುತ್ತೇನೆ. ಆ ಹೊತ್ತಿಗೆ ಪಾತ್ರೆ ಒಲೆ ಮೇಲಿದೆಯೋ, ಕಟ್ಟೆ ಮೇಲಿದೆಯೋ? ಕಟ್ಟೆ ಮೇಲೆ ತಣ್ಣಗಿದ್ದರೆ ಪಾತ್ರೆಯನ್ನು ತೂಗಿ. ಒಲೆ ಮೇಲಿದ್ದರೆ ಡಬ್ಬಿಯನ್ನು ತೂಗಿ.

ಪಾತ್ರೆ ತಕ್ಕಡಿ ಮೇಲೆ

ಡಿಜಿಟಲ್ ತಕ್ಕಡಿಯಲ್ಲಿ TARE ಅಥವಾ ZERO ಎಂದು ಬರೆದ ಒಂದು ಗುಂಡಿ ಇರುತ್ತದೆ. ಕೆಲವದರಲ್ಲಿ ಆನ್ ಮಾಡುವ ಗುಂಡಿಯೇ ಆ ಕೆಲಸವನ್ನೂ ಮಾಡುತ್ತದೆ. ಮೇಲೆ ಏನೇ ಇರಲಿ, ಅದನ್ನು ಒತ್ತಿದರೆ "ಇಲ್ಲಿಂದ ಸೊನ್ನೆ" ಎಂದು ತಕ್ಕಡಿ ಲೆಕ್ಕ ಶುರು ಮಾಡುತ್ತದೆ. ಅಂಗಡಿಯಲ್ಲಿ ಎಣ್ಣೆ ತೂಗುವಾಗ ಖಾಲಿ ಡಬ್ಬಿಯ ತೂಕ ಕಳೆಯುತ್ತಾರಲ್ಲ, ಅದೇ ಕೆಲಸ. ಎಷ್ಟು ಸಲ ಬೇಕಾದರೂ ಒತ್ತಬಹುದು.

ಇದಕ್ಕೆ ಪಂಚಾಮೃತಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಐದು ಪದಾರ್ಥ, ಒಂದೇ ಪಾತ್ರೆ, ಒಲೆಯ ಕೆಲಸವಿಲ್ಲ. ನಮ್ಮ ಮನೆಯಲ್ಲಿ ಪೂಜೆಗೆ ಮಾಡುವುದು ಹಾಲು 200 ಗ್ರಾಂ, ಮೊಸರು 100, ಸಕ್ಕರೆ 50, ಜೇನು 30, ತುಪ್ಪ 15. ಖಾಲಿ ಸ್ಟೀಲ್ ಪಾತ್ರೆ ಇಟ್ಟು ಟೇರ್ ಒತ್ತುತ್ತೇನೆ. ಸೊನ್ನೆ ಬರುತ್ತದೆ. ಜೇನಿನ ಬಾಟಲಿ ಬಗ್ಗಿಸುತ್ತೇನೆ. 30 ಬಂದ ಮೇಲೆ ಮತ್ತೆ ಟೇರ್. ಈಗ ಸಕ್ಕರೆ 50. ಮತ್ತೆ ಟೇರ್. ಮೊಸರು 100, ಹಾಲು 200, ಕೊನೆಗೆ ಕರಗಿಸಿದ ತುಪ್ಪ 15. ತೊಳೆಯಲು ಉಳಿಯುವುದು ಆ ಒಂದು ಪಾತ್ರೆ ಮತ್ತು ಕಲಕಿದ ಸೌಟು ಮಾತ್ರ.

ಜೇನು ಮೊದಲು ಹೋಗಿದ್ದನ್ನು ಗಮನಿಸಿದಿರಾ? ಹಿಂದೆ ನಾನು ಹಾಲು ಮೊದಲು ಹಾಕುತ್ತಿದ್ದೆ. ಹಾಲಿನ ಮೇಲೆ ಜೇನು ಬಿಡುವಾಗ 30ಕ್ಕೆ ನಿಲ್ಲಿಸಬೇಕು ಅಂದುಕೊಂಡು 30ಕ್ಕೇ ಬಾಟಲಿ ಎತ್ತಿದೆ. ತಕ್ಕಡಿ 38ಕ್ಕೆ ಹೋಗಿ ನಿಂತಿತು. ಹಾಲಿನ ತಳಕ್ಕೆ ಇಳಿದ ಜೇನನ್ನು ವಾಪಸ್ ತೆಗೆಯುವುದು ಹೇಗೆ? ಆಗುವುದಿಲ್ಲ. ಪಾತ್ರೆ ತೂಗುವ ದಾರಿಯ ದೊಡ್ಡ ಕೊರತೆ ಇದೇ. ಜಾಸ್ತಿ ಬಿದ್ದರೆ ಬಿತ್ತು. ಉಳಿದದ್ದನ್ನೆಲ್ಲ ಆ ಲೆಕ್ಕಕ್ಕೆ ಹೆಚ್ಚಿಸಬೇಕು, ಇಲ್ಲವೇ ಸಿಹಿ ಜಾಸ್ತಿ ಎಂದು ಒಪ್ಪಿಕೊಳ್ಳಬೇಕು.

ಇದಕ್ಕೆ ಎರಡು ಉಪಾಯ ಮಾಡಿಕೊಂಡಿದ್ದೇನೆ. ಅಂಟುವ ಪದಾರ್ಥ ಯಾವುದೇ ಇರಲಿ, ಅದು ಖಾಲಿ ಪಾತ್ರೆಗೆ ಮೊದಲು ಹೋಗಬೇಕು. ಜಾಸ್ತಿ ಬಿದ್ದರೆ ಚಮಚದಲ್ಲಿ ತೆಗೆದು ಬಾಟಲಿಗೆ ಹಾಕಬಹುದು. ಮೇಲಿನಿಂದ ಬೀಳುವ ಹಾಲು, ಮೊಸರು ತಳದ ಜೇನನ್ನು ತಾವೇ ಎಬ್ಬಿಸುತ್ತವೆ. ಚೆನ್ನಾಗಿ ಕಲಕಿದರೆ ಸಾಕು. ಎರಡನೆಯದು, ಬೇಕಾದ ತೂಕಕ್ಕೆ ನಾಲ್ಕೈದು ಗ್ರಾಂ ಮುಂಚೆಯೇ ಬಾಟಲಿ ಎತ್ತಬೇಕು. ಬಾಟಲಿಯ ಬಾಯಿಗೂ ಪಾತ್ರೆಗೂ ನಡುವೆ ಗಾಳಿಯಲ್ಲಿರುವ ಎಳೆಯೂ ಬೀಳುವುದು ಬಾಕಿ ಇರುತ್ತದೆ. ತಕ್ಕಡಿ ಅಂಕಿ ತೋರಿಸುವುದೂ ಒಂದು ಕ್ಷಣ ತಡ. ಎಳೆ ಕಡಿದು, ಅಂಕಿ ನಿಂತ ಮೇಲೆ ಕಡಿಮೆ ಇದ್ದರೆ ಸ್ವಲ್ಪ ಸೇರಿಸಿದರಾಯಿತು.

ತುಪ್ಪ ಮಾತ್ರ ಕೊನೆಗೆ. ಅದು ತಣ್ಣಗಿನ ಹಾಲು, ಮೊಸರಿನ ಮೇಲೆ ಬಿದ್ದ ಕೂಡಲೇ ಗಟ್ಟಿಯಾಗಿ ತೇಲುತ್ತದೆ. ಹೆಚ್ಚಾದರೆ ಅದನ್ನು ಚಮಚದಲ್ಲಿ ಎತ್ತುವುದೂ ಸುಲಭ.

ಇಲ್ಲೇ ಇನ್ನೊಂದು ಮಾತು. ಜೇನು, ತುಪ್ಪ ಸಮ ಪ್ರಮಾಣದಲ್ಲಿ ಸೇರಬಾರದು ಎಂದು ಆಯುರ್ವೇದ ಹೇಳುತ್ತದೆ. ಮನೆಯ ಹಿರಿಯರೂ ಅದನ್ನು ಹೇಳುತ್ತಾರೆ. ಚಮಚದ ಲೆಕ್ಕದಲ್ಲಿ "ಒಂದು ಜೇನು, ಒಂದು ತುಪ್ಪ" ಎಂದು ಹಾಕಿದರೆ ಕಣ್ಣಿಗೆ ಸಮ ಕಾಣುತ್ತದೆ. ತೂಕದಲ್ಲಿ ಸಮ ಅಲ್ಲ. 15 ಮಿಲಿ ಚಮಚದಲ್ಲಿ ಜೇನು 21 ಗ್ರಾಂ ಬಂದರೆ, ಕರಗಿದ ತುಪ್ಪ ಬರುವುದು 13 ರಿಂದ 14 ಗ್ರಾಂ. ಒಂದೂವರೆ ಚಮಚ ತುಪ್ಪಕ್ಕೆ ಒಂದು ಚಮಚ ಜೇನು ಹಾಕಿದವರು, ತಮಗೇ ಗೊತ್ತಿಲ್ಲದೆ, ಹೆಚ್ಚುಕಡಿಮೆ ಸಮ ತೂಕ ಹಾಕಿರುತ್ತಾರೆ. ಈ ನಿಯಮ ಪಾಲಿಸುವ ಮನೆಯವರು ಚಮಚ ನಂಬದೆ ತೂಗುವುದೇ ಒಳ್ಳೆಯದು.

ಡಬ್ಬಿ ತಕ್ಕಡಿ ಮೇಲೆ

ಈಗ ಒಲೆ ಮೇಲಿನ ಅಡುಗೆಗೆ ಬರೋಣ. ಪಾಯಸ ಕುದಿಯುತ್ತಿದೆ. ಅದಕ್ಕೆ 120 ಗ್ರಾಂ ಜೋನಿ ಬೆಲ್ಲ ಹಾಕಬೇಕು. ಕುದಿಯುವ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಕ್ಕಡಿಗೆ ತರುವುದು, ಮತ್ತೆ ಒಲೆಗೆ ಒಯ್ಯುವುದು ಬೇಡವೇ ಬೇಡ.

ಬೆಲ್ಲದ ಡಬ್ಬಿಯನ್ನೇ ತಕ್ಕಡಿ ಮೇಲಿಡಿ. ಮುಚ್ಚಳ ತೆಗೆದಿಡಿ. ಬಳಸುವ ಚಮಚವನ್ನು ಡಬ್ಬಿಯ ಒಳಗೇ ಇಡಿ. ಈಗ ಟೇರ್ ಒತ್ತಿ. ಚಮಚದಲ್ಲಿ ತೆಗೆದು ಒಲೆ ಮೇಲಿನ ಪಾತ್ರೆಗೆ ಹಾಕಿ. ಅಂಟಿದ ಬೆಲ್ಲದ ಸಮೇತ ಚಮಚವನ್ನು ಮತ್ತೆ ಡಬ್ಬಿಗೆ ಇಡಿ. ತಕ್ಕಡಿ -35 ತೋರಿಸಿತು ಅಂದುಕೊಳ್ಳಿ. ಪಾತ್ರೆಗೆ ನಿಜವಾಗಿ ಹೋದದ್ದು 35 ಗ್ರಾಂ. ಚಮಚಕ್ಕೆ ಅಂಟಿದ್ದು ಡಬ್ಬಿಗೆ ವಾಪಸ್ ಬಂದಿದೆ. ಅದು ಲೆಕ್ಕಕ್ಕೆ ಸೇರಲೇ ಇಲ್ಲ. -120 ಬರುವವರೆಗೂ ಹೀಗೇ ಮಾಡಿ.

ಮೊದಲ ಸಲ ಮೈನಸ್ ಅಂಕಿ ನೋಡಿ ತಕ್ಕಡಿ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಕೆಟ್ಟಿಲ್ಲ. ನಿಮ್ಮ ತಕ್ಕಡಿ ಇದನ್ನು ತೋರಿಸುತ್ತದೋ ಇಲ್ಲವೋ ಎಂದು ಅರ್ಧ ನಿಮಿಷದಲ್ಲಿ ನೋಡಬಹುದು. ಒಂದು ಲೋಟ ನೀರಿಟ್ಟು ಟೇರ್ ಒತ್ತಿ, ಲೋಟ ಎತ್ತಿ. ಲೋಟ ಮತ್ತು ನೀರಿನ ತೂಕ ಮೈನಸ್ ಗುರುತಿನ ಜೊತೆ ಬಂದರೆ ಸರಿ.

ಈ ದಾರಿಯ ಒಂದು ಗುಣ ನನಗೆ ಬಹಳ ಇಷ್ಟ. ಇಲ್ಲಿ ಜಾಸ್ತಿ ಬೀಳುವ ಭಯ ಕಡಿಮೆ. ಚಮಚದಲ್ಲಿ ತೆಗೆದದ್ದು ಜಾಸ್ತಿ ಅನ್ನಿಸಿದರೆ ಪಾತ್ರೆಗೆ ಹಾಕುವ ಮುಂಚೆಯೇ ಗೊತ್ತಾಗುತ್ತದೆ. ಚಮಚವನ್ನು ಡಬ್ಬಿಯಿಂದ ಎತ್ತಿ ಹಿಡಿದರೆ ಚಮಚ ಮತ್ತು ಬೆಲ್ಲ ಸೇರಿದ ತೂಕ ಮೈನಸ್‌ನಲ್ಲಿ ಕಾಣುತ್ತದೆ. ಖಾಲಿ ಚಮಚ 30 ಗ್ರಾಂ ಎಂದು ಗೊತ್ತಿದ್ದರೆ, -70 ಅಂದರೆ ಬೆಲ್ಲ 40 ಗ್ರಾಂ. ಬೇಕಾದದ್ದು 30 ಆಗಿದ್ದರೆ ಸ್ವಲ್ಪ ಡಬ್ಬಿಗೇ ಬಿಡಿ.

ಕೊರತೆಯೂ ಇದೆ. ಚಮಚ ಪ್ರತಿ ಸಲವೂ ಡಬ್ಬಿಗೇ ಬರಬೇಕು. ಕುದಿಯುವ ಪಾಯಸಕ್ಕೆ ಚಮಚ ಅದ್ದಿದರೆ ಮುಗಿಯಿತು, ಲೆಕ್ಕ ತಪ್ಪಿತು. ಅದಕ್ಕಿಂತ ಮುಖ್ಯ, ಆ ಒದ್ದೆ ಚಮಚ ಜೇನಿನ ಬಾಟಲಿಗೋ ತುಪ್ಪದ ಭರಣಿಗೋ ಹೋದರೆ ಅದರ ನೀರಿನಂಶದಿಂದ ಒಳಗಿರುವುದೇ ಕೆಡುತ್ತದೆ. ಆವಿಯಿಂದಲೂ ಚಮಚ ದೂರವಿರಲಿ. ಮೇಲಿನಿಂದ ಬೀಳಿಸಿ, ಅದ್ದಬೇಡಿ. ಇನ್ನು 15 ಕಿಲೋ ತುಪ್ಪದ ಟಿನ್ನನ್ನು ಅಡುಗೆಮನೆಯ ತಕ್ಕಡಿ ಮೇಲೆ ಇಡಲಾಗದು. ಮೊದಲು ಅರ್ಧ ಕಿಲೋ ಹಿಡಿಯುವ ಡಬ್ಬಿಗೆ ತೆಗೆದುಕೊಂಡು, ಆ ಡಬ್ಬಿ ಇಟ್ಟು ತೂಗಬೇಕು.

ಎರಡೂ ಸೇರಿದರೆ: ಮೈಸೂರು ಪಾಕ್

ಮೈಸೂರು ಪಾಕಿನಲ್ಲಿ ಎರಡೂ ದಾರಿ ಬೇಕಾಗುತ್ತವೆ. ಅದಕ್ಕೇ ಇದನ್ನು ಪೂರ್ತಿ ಹೇಳುತ್ತೇನೆ. ನಾನು ಮಾಡುವ ಅಳತೆ ಕಡಲೆ ಹಿಟ್ಟು 100 ಗ್ರಾಂ, ಸಕ್ಕರೆ 200, ನೀರು 80, ತುಪ್ಪ 220. ಲೋಟದ ಲೆಕ್ಕದಲ್ಲಿ ಹೇಳುವುದಾದರೆ ಹಿಟ್ಟು, ಸಕ್ಕರೆ, ತುಪ್ಪ ಒಂದೊಂದು ಲೋಟ. ಆದರೆ ಲೋಟದಲ್ಲಿ ಅಳೆದ ದಿನ ನನಗೆ ಒಮ್ಮೆ ಪುಡಿಪುಡಿ, ಒಮ್ಮೆ ಕಲ್ಲು. ಪಾಕ ತಪ್ಪಿದರೂ ಹಾಗಾಗುತ್ತದೆ, ತುಪ್ಪ ಕಡಿಮೆಯಾದರೂ ಹಾಗಾಗುತ್ತದೆ. ಯಾವುದು ತಪ್ಪಿತು ಎಂದು ತಿಳಿಯಬೇಕಾದರೆ ಮೊದಲು ತುಪ್ಪದ ಲೆಕ್ಕವಾದರೂ ಗಟ್ಟಿಯಾಗಿ ಗೊತ್ತಿರಬೇಕು.

ಮೊದಲು ತಣ್ಣಗಿನ ಬಾಣಲೆ ತಕ್ಕಡಿ ಮೇಲೆ. ಟೇರ್. ಸಕ್ಕರೆ 200. ಟೇರ್. ನೀರು 80. ನೀರಿನಲ್ಲಿ ಒಂದು ಮಿಲಿ ಅಂದರೆ ಒಂದು ಗ್ರಾಂ, ಹಾಗಾಗಿ ಬೇರೆ ಅಳತೆ ಲೋಟ ಬೇಡ. ಬಾಣಲೆ ಪಕ್ಕಕ್ಕಿಡಿ. ಜರಡಿ ಹಿಡಿದ ಕಡಲೆ ಹಿಟ್ಟು ಒಂದು ಬಟ್ಟಲಿಗೆ 100.

ಈಗ ತುಪ್ಪ. ಮೈಸೂರು ಪಾಕಿಗೆ ತುಪ್ಪ ಬಿಸಿಯಾಗಿರಬೇಕು. ಅದಕ್ಕೆ ಪಕ್ಕದ ಒಲೆಯಲ್ಲಿ ಒಂದು ಸಣ್ಣ ಪಾತ್ರೆಯಲ್ಲಿ ಕಾಯಿಸಿಟ್ಟುಕೊಳ್ಳುತ್ತೇವೆ. ಆ ಸಣ್ಣ ಪಾತ್ರೆಯನ್ನೇ ತಕ್ಕಡಿ ಮೇಲಿಡಿ. ತುಪ್ಪ ಬಡಿಸುವ ಸೌಟನ್ನೂ ಅದರೊಳಗೆ ಇಡಿ. ಟೇರ್ ಒತ್ತುವ ಮುಂಚೆ ಎರಡೂ ಸೇರಿದ ಖಾಲಿ ತೂಕ ಬರೆದುಕೊಳ್ಳಿ. ನನ್ನದು 395 ಗ್ರಾಂ. ಆಮೇಲೆ ಟೇರ್ ಒತ್ತಿ, ಗಟ್ಟಿ ತುಪ್ಪವನ್ನು ಹಾಗೇ ಅದಕ್ಕೆ ಹಾಕುತ್ತಾ 220ಕ್ಕೆ ನಿಲ್ಲಿಸಿ. ಕರಗಿಸಿ ಅಳೆಯುವ ಕೆಲಸವಿಲ್ಲ. ಇನ್ನು ಸೌಟು ತೆಗೆದಿಟ್ಟು ಪಾತ್ರೆಯನ್ನು ಒಲೆಗೇರಿಸಬಹುದು. ತೆಗೆದಿಟ್ಟ ಸೌಟು ಬೇರೆ ಯಾವುದಕ್ಕೂ ಹೋಗದಿರಲಿ.

ಸಕ್ಕರೆ ಕರಗಿ ಒಂದೆಳೆ ಪಾಕ ಬಂದಾಗ ಹಿಟ್ಟು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಗಂಟಾಗದಂತೆ ಕಲಕುತ್ತೇವೆ. ಆಮೇಲೆ ಕಾದ ತುಪ್ಪ ಒಂದೊಂದೇ ಸೌಟು. ಹಾಕಿದ್ದನ್ನು ಹಿಟ್ಟು ಹೀರಿಕೊಂಡ ಮೇಲೆ ಇನ್ನೊಂದು. ಮೊದಮೊದಲು ಕುಡಿದ ಹಾಗೆ ಹೀರುತ್ತದೆ. ಕೊನೆ ಕೊನೆಗೆ ಬುರುಗು ಏಳುತ್ತದೆ, ಬಾಣಲೆಯ ಅಂಚು ಬಿಡುತ್ತದೆ, ತುಪ್ಪ ಪಕ್ಕದಲ್ಲಿ ಒಸರುತ್ತದೆ. ಆಗ ನಿಲ್ಲಿಸಿ ತಟ್ಟೆಗೆ ಸುರಿಯಬೇಕು. ಈ ಹೊತ್ತಿನಲ್ಲಿ ತಕ್ಕಡಿ ಕಡೆ ನೋಡಲು ಯಾರಿಗೂ ಪುರುಸೊತ್ತಿಲ್ಲ. ನೋಡಬೇಕಾಗಿಯೂ ಇಲ್ಲ. ಕಣ್ಣು ಬಾಣಲೆ ಮೇಲಿರಲಿ.

ಎಲ್ಲ ಮುಗಿದ ಮೇಲೆ, ತುಪ್ಪದ ಪಾತ್ರೆ ಆರಿದಾಗ, ಸೌಟನ್ನು ಅದರಲ್ಲಿಟ್ಟು ತಕ್ಕಡಿ ಮೇಲಿಡಿ. ಕಳೆದ ಸಲ ನನಗೆ 437 ಬಂತು. ಅದರಲ್ಲಿ 395 ಕಳೆದರೆ 42. ಅಂದರೆ 220ರಲ್ಲಿ 42 ಗ್ರಾಂ ಉಳಿದಿದೆ. ಬಾಣಲೆಗೆ ಹೋದದ್ದು 178. ಸೌಟಿಗೆ ಮೆತ್ತಿದ್ದು, ಪಾತ್ರೆಯ ಅಂಚಿಗೆ ಹತ್ತಿದ್ದು ಎಲ್ಲವೂ ಆ 42ರಲ್ಲೇ ಸೇರಿದೆ. ಆ ದಿನದ ಪಾಕ್ ಬಾಯಲ್ಲಿ ಕರಗುವ ಹಾಗೆ ಬಂದಿತ್ತು. ಮುಂದಿನ ಸಲಕ್ಕೆ ನನಗೆ ಬೇಕಾದ ಅಂಕಿ ಅದೇ, 178. "ಹಿಡಿಯುವಷ್ಟು ತುಪ್ಪ" ಎಂದು ಅಮ್ಮ ಹೇಳುತ್ತಿದ್ದದ್ದು ನನ್ನ ಹಿಟ್ಟಿಗೆ, ನನ್ನ ಉರಿಗೆ ಎಷ್ಟು ಎಂದು ಹಾಗೆ ಗೊತ್ತಾಯಿತು.

ತಕ್ಕಡಿ ಎಲ್ಲಿ ಮೋಸ ಮಾಡುತ್ತದೆ

ಅತಿ ಹೆಚ್ಚು ಆಗುವ ಅನಾಹುತ ತಾನಾಗಿ ಆಫ್ ಆಗುವುದು. ಬ್ಯಾಟರಿ ಉಳಿಸಲು ಹೆಚ್ಚಿನ ತಕ್ಕಡಿಗಳು ಒಂದೆರಡು ನಿಮಿಷ ಅಂಕಿ ಬದಲಾಗದಿದ್ದರೆ ಆಫ್ ಆಗಿಬಿಡುತ್ತವೆ. ಮತ್ತೆ ಆನ್ ಮಾಡಿದರೆ ಮೇಲಿರುವುದನ್ನೆಲ್ಲ ಸೇರಿಸಿ ಸೊನ್ನೆ ಅನ್ನುತ್ತವೆ. ಒಂದು ದೀಪಾವಳಿಗೆ ಅರ್ಧ ತುಪ್ಪ ಹಾಕಿದ್ದೆ. ಬಾಗಿಲಿಗೆ ಯಾರೋ ಬಂದರು. ಮಾತಾಡಿ ವಾಪಸ್ ಬರುವಷ್ಟರಲ್ಲಿ ಪರದೆ ಖಾಲಿ. ಎಷ್ಟು ಹಾಕಿದ್ದೆ ಅನ್ನುವುದು ತಿಳಿಯುವ ದಾರಿಯೇ ಇರಲಿಲ್ಲ. ಖಾಲಿ ಪಾತ್ರೆಯ ತೂಕ ಗೊತ್ತಿದ್ದರೆ ಇತ್ತು. ಪಾತ್ರೆ ಇಳಿಸಿ, ತಕ್ಕಡಿಯನ್ನು ಸೊನ್ನೆ ಮಾಡಿ, ಮತ್ತೆ ಇಟ್ಟು, ಬಂದ ತೂಕದಲ್ಲಿ ಪಾತ್ರೆಯದ್ದು ಕಳೆದರೆ ಮುಗಿಯುತ್ತಿತ್ತು. ಅಂದಿನಿಂದ ನಮ್ಮ ಮನೆಯ ಎಂಟು ಪಾತ್ರೆಗಳ ಖಾಲಿ ತೂಕ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಡಬ್ಬಿ ತೂಗುವ ದಾರಿಯಲ್ಲೂ ಹಾಗೇ, ಟೇರ್ ಒತ್ತುವ ಮುಂಚೆ ಡಬ್ಬಿಯ ಪೂರ್ತಿ ತೂಕ ನೋಡಿಟ್ಟುಕೊಂಡರೆ ಧೈರ್ಯ. 840 ಇದ್ದದ್ದು 720 ಆದರೆ 120 ಹೋಗಿದೆ. ಟೇರ್ ಮರೆತರೂ ಲೆಕ್ಕ ಉಳಿಯುತ್ತದೆ.

ಎರಡನೆಯ ಮೋಸ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಜೇನು ಬಹಳ ನಿಧಾನವಾಗಿ, ಹನಿ ಹನಿಯಾಗಿ ಬಿದ್ದರೆ ಕೆಲವು ತಕ್ಕಡಿ ಅದನ್ನು ನುಂಗಿಬಿಡುತ್ತವೆ. ಸೊನ್ನೆಯ ಹತ್ತಿರ ಆಗುವ ಸಣ್ಣ, ನಿಧಾನದ ಏರಿಳಿತವನ್ನು ಬಿಸಿಲು, ತೇವದಿಂದ ಬಂದದ್ದು ಎಂದುಕೊಂಡು ತಾವೇ ಸರಿಮಾಡಿಕೊಳ್ಳುವ ಹಾಗೆ ಅವನ್ನು ಮಾಡಿರುತ್ತಾರೆ. ನಾವು ಬಿಟ್ಟ ಹನಿಯನ್ನೂ ಅವು ಹಾಗೇ ಎಣಿಸುತ್ತವೆ. ನಿಮ್ಮದನ್ನು ಪರೀಕ್ಷಿಸಲು ಒಂದು ಬಟ್ಟಲಿಟ್ಟು ಟೇರ್ ಒತ್ತಿ, 5 ಮಿಲಿ ಚಮಚದಷ್ಟು ನೀರನ್ನು ಹನಿ ಹನಿಯಾಗಿ ಬಿಡಿ. ಕೊನೆಗೆ 5 ಅಥವಾ 4 ಬರಬೇಕು. ಇನ್ನೂ 0 ಅಥವಾ 1 ಇದ್ದರೆ ನಿಮ್ಮ ತಕ್ಕಡಿ ನುಂಗುವ ಜಾತಿಯದು. ಪರಿಹಾರ ಸುಲಭ. ಜೇನಿಗೆ ಮುಂಚೆ ಟೇರ್ ಒತ್ತಬೇಡಿ. ಬಟ್ಟಲಿನ ತೂಕ 180 ಇದ್ದರೆ ಹಾಗೇ ಬಿಟ್ಟು, 210ರವರೆಗೆ ಜೇನು ಹಾಕಿ. ಸೊನ್ನೆಯಿಂದ ದೂರವಿದ್ದಾಗ ಅದು ನುಂಗುವುದಿಲ್ಲ.

ಮೂರನೆಯದು UNIT ಗುಂಡಿ. ಒತ್ತುತ್ತಾ ಹೋದರೆ g, oz, lb, ಜೊತೆಗೆ ಕೆಲವದರಲ್ಲಿ ml ಬರುತ್ತದೆ. ml ಎಂದಾಗ ತುಪ್ಪ, ಜೇನನ್ನು ಮಿಲಿಯಲ್ಲೇ ಅಳೆಯಬಹುದಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ತಕ್ಕಡಿಗೆ ಗೊತ್ತಾಗುವುದು ತೂಕ ಮಾತ್ರ. ಮೇಲಿರುವುದು ನೀರು ಎಂದು, ಇನ್ನು ಕೆಲವದರಲ್ಲಿ ಹಾಲು ಎಂದು, ಅಂದುಕೊಂಡು ಅದು ಮಿಲಿ ತೋರಿಸುತ್ತದೆ. 15 ಮಿಲಿ ಜೇನಿಗೆ ಅದು 21 ಎನ್ನುತ್ತದೆ. ಯಾವಾಗಲೂ g ನಲ್ಲೇ ಇರಲಿ. ಕೈ ತಾಗಿ ಬದಲಾಗುತ್ತದೆ, ಶುರು ಮಾಡುವ ಮುಂಚೆ ಒಮ್ಮೆ ನೋಡಿ.

ಬಿಸಿ ಪಾತ್ರೆಯ ವಿಷಯ. ಒಲೆಯಿಂದ ಈಗ ಇಳಿಸಿದ್ದನ್ನು ನೇರವಾಗಿ ತಕ್ಕಡಿ ಮೇಲಿಡಬೇಡಿ. ಪ್ಲಾಸ್ಟಿಕ್ ಸೊಟ್ಟಾಗುತ್ತದೆ, ಗಾಜಿನ ಮೇಲ್ಭಾಗ ಸೀಳಬಹುದು. ಅಷ್ಟೇ ಅಲ್ಲ, ಒಳಗೆ ತೂಕವನ್ನು ಹಿಡಿಯುವ ಲೋಹದ ಪಟ್ಟಿ ಬಿಸಿಯಾದರೆ ಅಂಕಿ ತಪ್ಪುತ್ತದೆ. ಏನೂ ಹಾಕದೆ ಇದ್ದರೂ ಅಂಕಿ ನಿಧಾನವಾಗಿ ಒಂದೇ ಕಡೆಗೆ ಸರಿಯುತ್ತಿದ್ದರೆ ಬಿಸಿ ತಾಗಿದೆ ಎಂದೇ ಅರ್ಥ. ಇಡಲೇಬೇಕಾದರೆ ಮಧ್ಯೆ ಚಪಾತಿ ಮಣೆ ಇಡಿ. ಮಣೆ ಇಟ್ಟು, ಪಾತ್ರೆ ಇಟ್ಟು, ಟೇರ್ ಒತ್ತಿ, ಬೇಗ ಮುಗಿಸಿ ಇಳಿಸಿ. ತಳ ಗುಂಡಗಿರುವ ಬಾಣಲೆ ಆಡುತ್ತದೆ. ಅದಕ್ಕೆ ಬಟ್ಟೆಯ ಸಿಂಬೆ ಸಾಕು. ಅಗಲದ ಪಾತ್ರೆ ಅಂಕಿಯನ್ನೇ ಮುಚ್ಚಿಕೊಂಡರೂ ಸಿಂಬೆಯಿಂದ ಸ್ವಲ್ಪ ಎತ್ತರವಾಗಿ ಅಂಕಿ ಕಾಣುತ್ತದೆ. ಬಾಣಲೆಯ ಹಿಡಿ ಗೋಡೆಗೋ ಕಟ್ಟೆ ಮೇಲಿನ ಡಬ್ಬಿಗೋ ತಾಗದಿರಲಿ. ತಾಗಿದರೆ ತೂಕದ ಒಂದು ಪಾಲು ಅದರ ಮೇಲೆ ಕೂರುತ್ತದೆ.

ಮಣೆ, ಸಿಂಬೆ, ಪಾತ್ರೆ ಎಲ್ಲವೂ ತಕ್ಕಡಿ ಹೊರುವ ಮಿತಿಯ ಒಳಗೇ ಬರಬೇಕು. ಟೇರ್ ಒತ್ತಿದಾಗ ಪರದೆ ಸೊನ್ನೆ ತೋರಿಸುತ್ತದೆ, ಆದರೆ ಹೊರೆ ಇಳಿದಿರುವುದಿಲ್ಲ. 5 ಕಿಲೋ ತಕ್ಕಡಿ ಮೇಲೆ 900 ಗ್ರಾಂ ಮಣೆ, 2,200 ಗ್ರಾಂ ಕಬ್ಬಿಣದ ಬಾಣಲೆ ಇಟ್ಟರೆ ಉಳಿದದ್ದು 1,900 ಮಾತ್ರ. ಅದು ಮೀರಿದರೆ Err ಅಂತಲೋ ಬೇರೆ ಗುರುತೋ ಬರುತ್ತದೆ.

ಹೊಸದಾಗಿ ಕೊಳ್ಳುವವರಿಗೆ

ಈ ಕೆಲಸಕ್ಕೆ 5 ಕಿಲೋ ಹೊರುವ, 1 ಗ್ರಾಂ ತೋರಿಸುವ ತಕ್ಕಡಿ ಸಾಕು. ಬಾಣಲೆಗಳು ಭಾರವಿದ್ದರೆ 10 ಕಿಲೋದ್ದು ತೆಗೆದುಕೊಳ್ಳಿ. ಮೇಲ್ಭಾಗ ಚಪ್ಪಟೆ ಇರಲಿ. ಬಟ್ಟಲು ಜೊತೆಗೇ ಬರುವ, ಬಟ್ಟಲು ಬಿಟ್ಟರೆ ಬೇರೆ ಪಾತ್ರೆ ಕೂರದ ತಕ್ಕಡಿ ಬೇಡ. ನೇರವಾಗಿ ಅಡುಗೆ ಪಾತ್ರೆಗೆ ತೂಗುವುದು ಅದರಲ್ಲಿ ಆಗುವುದಿಲ್ಲ. ಗುಂಡಿಗಳು ಮೇಲೆ ಎದ್ದಿರದೆ ಒರೆಸಲು ಬರುವಂತಿರಲಿ. ಜೇನು ಹತ್ತಿದ ಬೆರಳಲ್ಲಿ ಒತ್ತುವುದು ಅವನ್ನೇ ತಾನೇ.

ಮನೆಗೆ ತಂದ ದಿನವೇ ಒಂದು ಪರೀಕ್ಷೆ ಮಾಡಿ. ಒಂದು ಸೌಟನ್ನು ಒಂದೇ ಇಟ್ಟು ತೂಗಿ. ಆಮೇಲೆ ಮನೆಯ ಅತಿ ಭಾರದ ಬಾಣಲೆ ಇಟ್ಟು ಟೇರ್ ಒತ್ತಿ, ಅದೇ ಸೌಟನ್ನು ಅದರೊಳಗಿಡಿ. ಎರಡೂ ಸಲ ಒಂದೇ ಅಂಕಿ, ಹೆಚ್ಚೆಂದರೆ ಒಂದೆರಡು ಗ್ರಾಂ ವ್ಯತ್ಯಾಸ ಇರಬೇಕು. 85 ಇದ್ದದ್ದು 92 ಆದರೆ ವಾಪಸ್ ಕೊಡಿ. ಭಾರದ ಪಾತ್ರೆಯ ಮೇಲೆ ಆ ತಕ್ಕಡಿ ನಿಮ್ಮ ತುಪ್ಪವನ್ನು ಎಂದೂ ಸರಿಯಾಗಿ ತೂಗುವುದಿಲ್ಲ.

ಚಮಚ, ಲೋಟದ ಜಾಗ

1 ಗ್ರಾಂ ತಕ್ಕಡಿಯಲ್ಲಿ ನಾಲ್ಕೈದು ಗ್ರಾಮಿಗಿಂತ ಕಡಿಮೆ ತೂಕ ನಂಬಬೇಡಿ. ಒಗ್ಗರಣೆಗೆ ಒಂದು ಸಣ್ಣ ಚಮಚ ತುಪ್ಪ, ಕಷಾಯಕ್ಕೆ ನಾಲ್ಕು ಹನಿ ಜೇನು, ಇವಕ್ಕೆಲ್ಲ ಚಮಚವೇ ಸರಿ. ಬಿಸಿ ಬೇಳೆ ಬಾತಿನ ಮೇಲೆ ಬಡಿಸುವ ತುಪ್ಪಕ್ಕೆ ಯಾರೂ ತಕ್ಕಡಿ ತರುವುದಿಲ್ಲ. ಅಲ್ಲಿ ರುಚಿಗೆ ತಕ್ಕಷ್ಟು ಸಾಕು.

ಲೋಟದಲ್ಲಿ ಬರೆದ ಹಳೆಯ ಪಾಕವಿಧಾನವಿದ್ದರೆ ಅದನ್ನು ಒಂದೇ ಸಲ ಗ್ರಾಮಿಗೆ ತಿರುಗಿಸಿಟ್ಟುಕೊಳ್ಳಿ. ಪುಸ್ತಕದ ಲೋಟವಲ್ಲ, ನಿಮ್ಮ ಅಜ್ಜಿಯೋ ಅತ್ತೆಯೋ ಬಳಸುತ್ತಿದ್ದ ಅದೇ ಲೋಟ ತೆಗೆದುಕೊಳ್ಳಿ. ಖಾಲಿ ಲೋಟ ಇಟ್ಟು ಟೇರ್ ಒತ್ತಿ, ಅಂಚಿನವರೆಗೆ ನೀರು ತುಂಬಿ. 240 ಬಂದರೆ ಅದು 240 ಮಿಲಿ ಲೋಟ. ಕರಗಿದ ತುಪ್ಪಕ್ಕೆ ಅದನ್ನು 0.91ರಿಂದ ಗುಣಿಸಿ, ಸುಮಾರು 218 ಗ್ರಾಂ. ಜೇನಿಗೆ 1.4ರಿಂದ ಗುಣಿಸಿ, ಸುಮಾರು 336. ಜೇನು ಎಲ್ಲವೂ ಒಂದೇ ಗಟ್ಟಿ ಇರುವುದಿಲ್ಲ. ಮಲೆನಾಡಿನ ತುಡುವೆ ಜೇನಿನಲ್ಲಿ ನೀರಿನಂಶ ಜಾಸ್ತಿ ಇದ್ದು ತೆಳುವಾಗಿರುತ್ತದೆ, ತೂಕವೂ ಸ್ವಲ್ಪ ಕಡಿಮೆ ಬರುತ್ತದೆ. ಹಾಗಾಗಿ ನಿಮ್ಮ ಜೇನನ್ನೇ ಒಮ್ಮೆ ಆ ಲೋಟದಲ್ಲಿ ತುಂಬಿ ತೂಗಿದರೆ ಇನ್ನೂ ಒಳ್ಳೆಯದು. ಅಂಗಡಿಯ 1 ಲೀಟರ್ ತುಪ್ಪದ ಡಬ್ಬಿಯಲ್ಲಿ 1 ಕಿಲೋ ಇರುವುದಿಲ್ಲ, 900 ಗ್ರಾಮಿನ ಆಸುಪಾಸು ಇರುತ್ತದೆ ಎನ್ನುವುದಕ್ಕೂ ಇದೇ ಕಾರಣ. ಹಬ್ಬಕ್ಕೆ ಎಷ್ಟು ಡಬ್ಬಿ ತರಬೇಕು ಎಂದು ಲೆಕ್ಕ ಹಾಕುವಾಗ ಇದು ನೆನಪಿರಲಿ. 178 ಗ್ರಾಂ ಹಿಡಿಯುವ ನನ್ನ ಮೈಸೂರು ಪಾಕಿಗೆ ಒಂದು ಲೀಟರ್ ಡಬ್ಬಿಯಲ್ಲಿ ಐದು ಸಲಕ್ಕೆ ಸರಿಯಾಗಿ ಆಗುತ್ತದೆ. ಅಂಚು ಸವರಲು, ತಟ್ಟೆಗೆ ಹಚ್ಚಲು ಬೇಕಾಗುವುದರಿಂದ ನಾನು ನಾಲ್ಕು ಸಲ ಎಂದೇ ಹಿಡಿಯುತ್ತೇನೆ.